ವಿದ್ಯಾರ್ಥಿಗಳನ್ನೊಳಗೊಂಡ ಸಮೀಕ್ಷಾ ಅಧ್ಯಯನ: ನೈತಿಕ ಅನುಮೋದನೆ ಅರ್ಜಿಯ ಸಾರಾಂಶ

1. ಪೀಠಿಕೆ

ಶಾಲೆ ಅಥವಾ ಕಾಲೇಜಿನ ವಿದ್ಯಾರ್ಥಿಗಳಿಂದ ಪ್ರಶ್ನಾವಳಿಯ ಮೂಲಕ ಮಾಹಿತಿ ಸಂಗ್ರಹಿಸುವ ಸಂಶೋಧಕರು, ಕ್ಷೇತ್ರ ಕಾರ್ಯವನ್ನು ಆರಂಭಿಸುವ ಮುನ್ನ ತಮ್ಮ ಸಂಸ್ಥೆಯ ನೈತಿಕ ಸಮಿತಿಯ ಅನುಮೋದನೆ ಪಡೆಯತಕ್ಕದ್ದು. ಅರ್ಜಿಯ ಜೊತೆಗೆ ಎರಡು ಅಥವಾ ಮೂರು ಪುಟಗಳ ಸಾರಾಂಶವನ್ನು ಸಲ್ಲಿಸುವುದು ರೂಢಿಯಲ್ಲಿದೆ. ಸಮ್ಮತಿಯನ್ನು ಯಾರಿಂದ, ಹೇಗೆ ಪಡೆಯಲಾಗುವುದು, ಉತ್ತರಿಸಿದ ವಿದ್ಯಾರ್ಥಿಯ ಗುರುತು ಹೇಗೆ ಮರೆಯಾಗಿ ಉಳಿಯುವುದು, ಸಂಗ್ರಹಿಸಿದ ದತ್ತಾಂಶ ಎಲ್ಲಿ, ಎಷ್ಟು ಕಾಲ, ಯಾರ ವಶದಲ್ಲಿರುವುದು ಎಂಬ ಮೂರು ವಿಷಯಗಳು ಈ ಸಾರಾಂಶದ ಮುಖ್ಯ ಭಾಗಗಳಾಗಿವೆ.

ಈ ಮೂರು ಭಾಗಗಳನ್ನು ಬೇರೆ ಬೇರೆಯಾಗಿ ಬರೆದಾಗ ಅವು ಒಂದಕ್ಕೊಂದು ವಿರುದ್ಧವಾಗುವ ಸಂಭವವಿರುತ್ತದೆ. ಹೆಸರನ್ನೇ ಪಡೆಯುವುದಿಲ್ಲವೆಂದು ಒಂದು ಪುಟದಲ್ಲಿ ಹೇಳಿ, ಯಾವಾಗ ಬೇಕಾದರೂ ಉತ್ತರವನ್ನು ಹಿಂಪಡೆಯಬಹುದೆಂದು ಮತ್ತೊಂದು ಪುಟದಲ್ಲಿ ಭರವಸೆ ನೀಡಿದರೆ, ಎರಡನೆಯ ಭರವಸೆಯನ್ನು ಈಡೇರಿಸಲು ಸಾಧ್ಯವಾಗದು. ಏಕೆಂದರೆ ಯಾವ ಹಾಳೆ ಯಾರದೆಂದು ತಿಳಿಯುವ ಮಾರ್ಗವೇ ಇರುವುದಿಲ್ಲ. ಆದುದರಿಂದ ಈ ಮೂರೂ ಭಾಗಗಳು ವಿದ್ಯಾರ್ಥಿಗೆ ನೀಡುವ ಒಂದೇ ಮಾತಿನ ಅಂಗಗಳೆಂದು ತಿಳಿದು ಸಾರಾಂಶವನ್ನು ಸಿದ್ಧಪಡಿಸಬೇಕು. ಕಲಬುರಗಿ ಜಿಲ್ಲೆಯ ಸನ್ನತಿ ಸುತ್ತಲಿನ ಚಿತ್ತಾಪುರ, ವಾಡಿ, ಶಹಾಬಾದ, ಸೇಡಂ ಮತ್ತು ಚಿಂಚೋಳಿ ಭಾಗದ ಶಾಲೆಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಇಲ್ಲಿ ವಿವರಿಸಲಾಗಿದೆ.

2. ಅನ್ವಯವಾಗುವ ಮಾರ್ಗಸೂಚಿಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಗಳು ಆರೋಗ್ಯ ಸಂಬಂಧಿತ ಸಂಶೋಧನೆಗೆ ಆಧಾರವಾಗಿವೆ. ಮಕ್ಕಳನ್ನೊಳಗೊಂಡ ಸಂಶೋಧನೆಗೆ ಅದೇ ವರ್ಷ ಪ್ರತ್ಯೇಕ ಮಾರ್ಗಸೂಚಿಯನ್ನೂ ಮಂಡಳಿಯು ಪ್ರಕಟಿಸಿದೆ. ಇವುಗಳ ಪ್ರಕಾರ 18 ವರ್ಷ ತುಂಬದ ವಿದ್ಯಾರ್ಥಿಯ ವಿಷಯದಲ್ಲಿ ತಂದೆ, ತಾಯಿ ಅಥವಾ ಕಾನೂನುಬದ್ಧ ಪಾಲಕರ ಸಮ್ಮತಿ ಅಗತ್ಯ. ಅದರ ಜೊತೆಗೆ ವಿದ್ಯಾರ್ಥಿಯ ಸ್ವಂತ ಒಪ್ಪಿಗೆಯೂ ಬೇಕು. 12 ವರ್ಷ ಮೇಲ್ಪಟ್ಟವರಿಂದ ಈ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಬೇಕು. ಪೋಷಕರು ಸಮ್ಮತಿಸಿದ್ದರೂ ವಿದ್ಯಾರ್ಥಿ ಬೇಡವೆಂದರೆ ಆ ನಿರಾಕರಣೆಯನ್ನು ಗೌರವಿಸಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವೂ 18 ವರ್ಷದೊಳಗಿನವರನ್ನು ಮಗು ಎಂದೇ ಪರಿಗಣಿಸುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಸಂಶೋಧನೆಗೆ ಅಧಿನಿಯಮದಲ್ಲಿ ವಿನಾಯಿತಿ ಇದೆಯಾದರೂ ಅದು ಷರತ್ತುಬದ್ಧವಾಗಿದೆ. ಸಂಗ್ರಹಿಸಿದ ದತ್ತಾಂಶವನ್ನು ಯಾವುದೇ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಕೈಗೊಳ್ಳಲು ಬಳಸುವಂತಿಲ್ಲ. ಆದ್ದರಿಂದ ಸಮೀಕ್ಷೆಯ ಉತ್ತರಗಳ ಆಧಾರದ ಮೇಲೆ ಒಬ್ಬ ವಿದ್ಯಾರ್ಥಿಯ ಮೇಲೆ ಶಾಲೆಯು ಕ್ರಮ ಕೈಗೊಳ್ಳುವಂತಾದರೆ ಈ ವಿನಾಯಿತಿಯ ಆಶ್ರಯ ದೊರೆಯದು.

3. ಉದಾಹರಣೆಗಾಗಿ ರಚಿಸಿದ ಅಧ್ಯಯನ

ವಿವರಣೆಯ ಅನುಕೂಲಕ್ಕಾಗಿ ಒಂದು ಅಧ್ಯಯನವನ್ನು ಊಹಿಸಿಕೊಳ್ಳಲಾಗಿದೆ. ಮೇಲ್ಕಂಡ ಪ್ರದೇಶದ 12 ಪ್ರೌಢಶಾಲೆಗಳ 8 ಮತ್ತು 9ನೇ ತರಗತಿಯ ವಿದ್ಯಾರ್ಥಿಗಳಿಗೆ ಎರಡು ವಿಷಯಗಳ ಬಗ್ಗೆ ಪ್ರಶ್ನೆಗಳನ್ನು ಕೇಳಲಾಗುತ್ತದೆ. ಮೊದಲನೆಯದು, ತಂದೆ ತಾಯಿ ದುಡಿಮೆಗಾಗಿ ಗುಳೆ ಹೋದಾಗ ಶಾಲೆ ತಪ್ಪುವುದು. ಎರಡನೆಯದು, ಗುಟ್ಕಾ ಮತ್ತು ಬೀಡಿಯ ಬಳಕೆ. ಪ್ರಶ್ನಾವಳಿಯಲ್ಲಿ 30 ಪ್ರಶ್ನೆಗಳಿದ್ದು, ಉತ್ತರಿಸಲು ಒಂದು ಅವಧಿ ಸಾಕಾಗುತ್ತದೆ.

ಸೂಜಿ, ಔಷಧ ಅಥವಾ ದೈಹಿಕ ಪರೀಕ್ಷೆ ಇಲ್ಲದ ಕಾರಣ ಇಂತಹ ಅಧ್ಯಯನದಲ್ಲಿ ಅಪಾಯವೇ ಇಲ್ಲವೆಂದು ಅರ್ಜಿಯಲ್ಲಿ ನಮೂದಿಸುವುದುಂಟು. ಇದು ಸರಿಯಲ್ಲ. ಇಲ್ಲಿನ ಅಪಾಯವು ಉತ್ತರವು ಬೇರೆಯವರಿಗೆ ತಿಳಿದುಬರುವುದರಲ್ಲಿದೆ. ಗುಟ್ಕಾ ತಿನ್ನುವೆನೆಂದು ಗುರುತು ಹಾಕಿದ ಬಾಲಕನ ವಿಷಯ ಮುಖ್ಯೋಪಾಧ್ಯಾಯರಿಗೆ ತಿಳಿದರೆ ಶಿಕ್ಷೆಯಾಗಬಹುದು. ಮನೆಯಲ್ಲಿ ಹಿರಿಯರಿಲ್ಲದೆ ತಮ್ಮ ತಂಗಿಯರೊಡನೆ ಇರುವೆನೆಂದು ಬರೆದ ಬಾಲಕಿಯ ವಿಷಯ ಊರಿನಲ್ಲಿ ಹರಡಿದರೆ ಆಕೆಯ ಸುರಕ್ಷತೆಗೇ ಧಕ್ಕೆಯಾಗಬಹುದು. ಸಾರಾಂಶದ ಅಪಾಯ ಎಂಬ ಕಲಂನಲ್ಲಿ ಇವುಗಳನ್ನು ಸ್ಪಷ್ಟವಾಗಿ ಬರೆದು, ಪ್ರತಿಯೊಂದಕ್ಕೂ ಕೈಗೊಳ್ಳುವ ಕ್ರಮವನ್ನು ತಿಳಿಸಬೇಕು.

4. ಸಮ್ಮತಿ

4.1 ಪ್ರವೇಶಾನುಮತಿ ಮತ್ತು ಸಮ್ಮತಿ

ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮತ್ತು ಮುಖ್ಯೋಪಾಧ್ಯಾಯರು ನೀಡುವ ಪತ್ರವು ಶಾಲೆಯ ಆವರಣದೊಳಗೆ ಬರಲು ನೀಡಿದ ಅನುಮತಿಯಾಗಿದೆ. ಅದು ವಿದ್ಯಾರ್ಥಿಗಳ ಪರವಾಗಿ ನೀಡಿದ ಸಮ್ಮತಿಯಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಅಧ್ಯಯನವನ್ನು ವಿವರಿಸುವುದು ಉಪಯುಕ್ತವೇ ಆದರೂ, ಸಮಿತಿಯ ಅಧ್ಯಕ್ಷರ ಸಹಿಯು ಪ್ರತಿಯೊಬ್ಬ ಪೋಷಕರ ಸಹಿಗೆ ಬದಲಿಯಾಗುವುದಿಲ್ಲ.

4.2 ಪೋಷಕರ ಸಮ್ಮತಿ

ವಿದ್ಯಾರ್ಥಿಯ ಕೈಯಲ್ಲಿ ಪತ್ರ ಕಳುಹಿಸಿ, ಮೂರು ದಿನಗಳೊಳಗೆ ಆಕ್ಷೇಪಣೆ ಬಾರದಿದ್ದರೆ ಸಮ್ಮತಿ ಇದೆಯೆಂದು ಭಾವಿಸುವ ಪದ್ಧತಿ ಈ ಪ್ರದೇಶಕ್ಕೆ ಹೊಂದುವುದಿಲ್ಲ. ಪತ್ರವು ಮನೆಗೆ ತಲುಪಿತೇ, ಅದನ್ನು ಓದಬಲ್ಲವರು ಮನೆಯಲ್ಲಿದ್ದರೇ ಎಂಬುದು ತಿಳಿಯುವುದಿಲ್ಲ. ಸೇಡಂ ಗಡಿಯ ಊರುಗಳಲ್ಲಿ ತೆಲುಗು, ಪಟ್ಟಣಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಮನೆಮಾತಾಗಿರುವುದರಿಂದ ಮಾಹಿತಿ ಪತ್ರವನ್ನು ಕನ್ನಡದಲ್ಲಿ ಮುದ್ರಿಸಿದರೆ ಮಾತ್ರ ಸಾಲದು. ಲಂಬಾಣಿಗೆ ತನ್ನದೇ ಬರವಣಿಗೆಯ ರೂಢಿ ಇಲ್ಲದ ಕಾರಣ, ಆ ಭಾಷೆ ಬಲ್ಲವರು ಅದನ್ನು ಬಾಯಿಮಾತಿನಲ್ಲಿ ವಿವರಿಸುವ ವ್ಯವಸ್ಥೆ ಆಗಬೇಕು. ಓದು ಬರಹ ಬಾರದ ಪೋಷಕರಿಂದ ಹೆಬ್ಬೆರಳಿನ ಗುರುತು ಪಡೆಯುವಾಗ, ಅಧ್ಯಯನಕ್ಕೆ ಸಂಬಂಧಪಡದ ಒಬ್ಬ ಅಕ್ಷರಸ್ಥ ಸಾಕ್ಷಿ ಹಾಜರಿದ್ದು ಸಹಿ ಮಾಡಬೇಕು. ತರಗತಿಯ ಶಿಕ್ಷಕರನ್ನು ಸಾಕ್ಷಿಯಾಗಿ ನೇಮಿಸಬಾರದು. ಮಗುವಿನ ಅಂಕ ಅವರ ಕೈಯಲ್ಲಿರುವುದರಿಂದ ಪೋಷಕರು ಅವರೆದುರು ಬೇಡವೆನ್ನಲು ಹಿಂಜರಿಯುತ್ತಾರೆ.

ಸಮಯದ ಆಯ್ಕೆಯೂ ಮುಖ್ಯವಾಗಿದೆ. ತೊಗರಿ ಬಿತ್ತನೆಯ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಪೋಷಕರು ಊರಿನಲ್ಲಿ ದೊರೆಯುವ ಸಾಧ್ಯತೆ ಹೆಚ್ಚು. ಗುಳೆ ಹೋದ ನಂತರ ಅಧ್ಯಯನ ಆರಂಭಿಸಿದರೆ, ಯಾರ ಸಲುವಾಗಿ ಅಧ್ಯಯನ ಕೈಗೊಳ್ಳಲಾಗಿದೆಯೋ ಆ ಮಕ್ಕಳೇ ಸಮ್ಮತಿ ಪತ್ರವಿಲ್ಲದೆ ಹೊರಗುಳಿಯುತ್ತಾರೆ. ಮನೆಯಲ್ಲಿ ಅಜ್ಜ ಅಜ್ಜಿ ಮಾತ್ರ ಇದ್ದಲ್ಲಿ ಅವರು ತಾವಾಗಿಯೇ ಕಾನೂನುಬದ್ಧ ಪಾಲಕರಾಗುವುದಿಲ್ಲ. ವಿದ್ಯಾರ್ಥಿನಿಲಯದ ಮೇಲ್ವಿಚಾರಕರ ವಿಷಯದಲ್ಲಿಯೂ ಹೀಗೆಯೇ. ಇಂತಹ ಸಂದರ್ಭದಲ್ಲಿ ತಂದೆ ಅಥವಾ ತಾಯಿಯೊಡನೆ ದೂರವಾಣಿಯಲ್ಲಿ ಮಾತನಾಡಿ, ಸಾಕ್ಷಿಯ ಸಮ್ಮುಖದಲ್ಲಿ ಸಮ್ಮತಿಯನ್ನು ದಾಖಲಿಸುವ ವಿಧಾನವನ್ನು ಅರ್ಜಿಯಲ್ಲಿಯೇ ಬರೆದು ನೈತಿಕ ಸಮಿತಿಯ ಒಪ್ಪಿಗೆ ಕೋರಬೇಕು. ಕ್ಷೇತ್ರಕ್ಕೆ ಹೋದ ಮೇಲೆ ಸಂಶೋಧಕರು ತಾವೇ ಇದನ್ನು ತೀರ್ಮಾನಿಸುವಂತಿಲ್ಲ.

4.3 ವಿದ್ಯಾರ್ಥಿಯ ಒಪ್ಪಿಗೆ

ತರಗತಿಯಲ್ಲಿ ಶಿಕ್ಷಕರು ನಿಂತಿರುವಾಗ, ಇಷ್ಟವಿಲ್ಲದವರು ಕೈ ಎತ್ತಿರಿ ಎಂದು ಕೇಳಿದರೆ ಯಾರೂ ಕೈ ಎತ್ತುವುದಿಲ್ಲ. ಅದನ್ನು ಒಪ್ಪಿಗೆ ಎಂದು ಎಣಿಸಲಾಗದು. ಭಾಗವಹಿಸದವರನ್ನು ಹೊರಗೆ ಕಳುಹಿಸಿದರೂ ಅವರು ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಇದಕ್ಕೆ ಸರಳ ಪರಿಹಾರವಿದೆ. ಪೋಷಕರ ಸಮ್ಮತಿ ಇಲ್ಲದ ವಿದ್ಯಾರ್ಥಿಗಳಿಗೆ ಅದೇ ಅಳತೆ, ಅದೇ ಬಣ್ಣದ ಮತ್ತೊಂದು ಹಾಳೆಯನ್ನು ನೀಡಬೇಕು. ಅದರಲ್ಲಿ ಭೀಮಾ ತೀರದ ಸನ್ನತಿಯ ಅಶೋಕ ಶಾಸನ ಮತ್ತು ಕನಗನಹಳ್ಳಿಯ ಸ್ತೂಪದ ಕುರಿತು ಒಂದು ಪಾಠ ಹಾಗೂ ಗುರುತು ಹಾಕುವ ಕೆಲವು ಪ್ರಶ್ನೆಗಳಿರಬಹುದು. ಪೋಷಕರ ಸಮ್ಮತಿ ಇದ್ದು ತನಗೆ ಇಷ್ಟವಿಲ್ಲದ ವಿದ್ಯಾರ್ಥಿಯು ಪ್ರಶ್ನಾವಳಿಯನ್ನು ಖಾಲಿಯಾಗಿಯೇ ಮಡಚಿ ಪೆಟ್ಟಿಗೆಗೆ ಹಾಕಬಹುದು. ಹೊರಗಿನಿಂದ ನೋಡುವವರಿಗೆ ಎಲ್ಲರೂ ಒಂದೇ ಕೆಲಸ ಮಾಡಿದಂತೆ ಕಾಣುತ್ತದೆ. ಪೆನ್ನು ಮುಂತಾದ ಕಿರುಕಾಣಿಕೆ ನೀಡುವುದಾದರೆ ತರಗತಿಯ ಎಲ್ಲರಿಗೂ ನೀಡಬೇಕು.

ವಿದ್ಯಾರ್ಥಿಗೆ ಓದಿ ಹೇಳುವ ಪಠ್ಯವು ಈ ಕೆಳಕಂಡಂತೆ ಇರಬಹುದು.

"ಇದು ಪರೀಕ್ಷೆಯಲ್ಲ. ಇದರಲ್ಲಿ ಅಂಕಗಳಿಲ್ಲ. ಹಾಳೆಯ ಮೇಲೆ ನಿಮ್ಮ ಹೆಸರನ್ನಾಗಲಿ ಹಾಜರಿ ಸಂಖ್ಯೆಯನ್ನಾಗಲಿ ಬರೆಯಬೇಡಿರಿ. ಯಾವುದೇ ಪ್ರಶ್ನೆಯನ್ನು ಬಿಡಬಹುದು, ಎಲ್ಲವನ್ನೂ ಬಿಡಬಹುದು. ಹಾಳೆಯನ್ನು ಪೆಟ್ಟಿಗೆಗೆ ಹಾಕಿದ ಮೇಲೆ ಅದು ಯಾರದೆಂದು ನಮಗೂ ತಿಳಿಯುವುದಿಲ್ಲ. ಆದ್ದರಿಂದ ಆನಂತರ ಅದನ್ನು ಹಿಂದಕ್ಕೆ ಕೊಡಲು ಆಗುವುದಿಲ್ಲ. ಬೇಡವೆನಿಸಿದರೆ ಪೆಟ್ಟಿಗೆಗೆ ಹಾಕುವ ಮೊದಲೇ ಖಾಲಿ ಬಿಡಿರಿ."

ಕೊನೆಯ ಎರಡು ವಾಕ್ಯಗಳನ್ನು ಬಿಟ್ಟಲ್ಲಿ ಪೀಠಿಕೆಯಲ್ಲಿ ಹೇಳಿದ ವಿರೋಧವು ತಲೆದೋರುತ್ತದೆ.

4.4 ಗೋಪ್ಯತೆಯ ಮಿತಿ

2012ರ ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಅಧಿನಿಯಮದ 19ನೇ ಪ್ರಕರಣದಂತೆ, ಮಗುವಿನ ಮೇಲೆ ಅಂತಹ ಅಪರಾಧ ನಡೆದಿರುವುದು ತಿಳಿದವರು ಅದನ್ನು ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಹೆಸರಿಲ್ಲದ ಹಾಳೆಯಿಂದ ಮಗುವನ್ನು ಗುರುತಿಸಲಾಗದು. ಆದರೆ ಸಮೀಕ್ಷೆ ಮುಗಿದ ಬಳಿಕ ವಿದ್ಯಾರ್ಥಿಯೊಬ್ಬಳು ಬಂದು ಸಂಶೋಧಕರೊಡನೆ ನೇರವಾಗಿ ಹೇಳಿಕೊಂಡರೆ ಕಾನೂನಿನ ಹೊಣೆ ಅನ್ವಯವಾಗುತ್ತದೆ. ಆದ್ದರಿಂದ ಯಾರಿಗೂ ಏನೂ ಹೇಳುವುದಿಲ್ಲ ಎಂಬ ಸಂಪೂರ್ಣ ಭರವಸೆಯನ್ನು ನೀಡಬಾರದು. ಬಾಯಿಮಾತಿನಲ್ಲಿ ತಿಳಿಸಿದ ಇಂತಹ ವಿಷಯವನ್ನು ಮಗುವಿನ ರಕ್ಷಣೆಗಾಗಿ ಸಂಬಂಧಿಸಿದವರಿಗೆ ತಿಳಿಸಬೇಕಾಗುವುದೆಂದು ಮಾಹಿತಿ ಪತ್ರದಲ್ಲಿ ಮೊದಲೇ ಬರೆಯಬೇಕು. ಮಕ್ಕಳ ಸಹಾಯವಾಣಿ 1098ರ ವಿವರವನ್ನು ಎಲ್ಲ ವಿದ್ಯಾರ್ಥಿಗಳಿಗೂ ನೀಡಬೇಕು.

5. ಅನಾಮಿಕತೆ

5.1 ಹೆಸರಿಲ್ಲದಿದ್ದರೂ ಗುರುತು ಸಿಗುವ ಬಗೆ

ಹೆಸರು ಬರೆಸದಿರುವುದು ಅನಾಮಿಕತೆಯ ಮೊದಲ ಹೆಜ್ಜೆ ಮಾತ್ರ. 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ನಡೆಸುವ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯಲ್ಲಿ ವಿದ್ಯಾರ್ಥಿಗಳು ಹೆಸರಿಲ್ಲದೆ ತಾವೇ ಉತ್ತರ ಗುರುತಿಸುತ್ತಾರೆ. ಭಾರತದಲ್ಲಿ ಇದರ ನಾಲ್ಕನೆಯ ಸುತ್ತು 2019ರಲ್ಲಿ ನಡೆಯಿತು. ದೇಶದಾದ್ಯಂತ ಹರಡಿದ ಅಂತಹ ದೊಡ್ಡ ಸಮೀಕ್ಷೆಯಲ್ಲಿ ಒಂದು ಹಾಳೆಯು ಸಾವಿರಾರು ಹಾಳೆಗಳ ನಡುವೆ ಮರೆಯಾಗುತ್ತದೆ. 12 ಶಾಲೆಗಳ ಅಧ್ಯಯನದಲ್ಲಿ ಹಾಗಾಗುವುದಿಲ್ಲ.

ಉದಾಹರಣೆಯ ಒಂದು ಶಾಲೆಯನ್ನು ತೆಗೆದುಕೊಳ್ಳಬಹುದು. ಅದರ 9ನೇ ತರಗತಿಯಲ್ಲಿ 38 ವಿದ್ಯಾರ್ಥಿಗಳಿದ್ದಾರೆ ಎಂದಿಟ್ಟುಕೊಳ್ಳೋಣ. ಅವರಲ್ಲಿ ಬಾಲಕಿಯರು 14. ಲಂಬಾಣಿ ಮನೆಮಾತಿನವರು ಅವರಲ್ಲಿ 5. ಈ ಐವರಲ್ಲಿ ತಂದೆ ತಾಯಿ ಇಬ್ಬರೂ ಗುಳೆ ಹೋಗಿರುವವರು 2. ಇಬ್ಬರಲ್ಲಿ 16 ವರ್ಷದವಳು ಒಬ್ಬಳೇ. ಶಾಲೆ, ತರಗತಿ, ಲಿಂಗ, ಮನೆಮಾತು, ಗುಳೆ, ವಯಸ್ಸು ಎಂಬ ಆರು ಸಾಮಾನ್ಯ ಪ್ರಶ್ನೆಗಳಿಗೆ ಉತ್ತರ ದೊರೆತ ಕೂಡಲೇ, ಆ ಶಾಲೆಯ ಯಾವ ಶಿಕ್ಷಕರಾದರೂ ಆಕೆ ಯಾರೆಂದು ಹೇಳಬಲ್ಲರು. ಉಳಿದ 24 ಉತ್ತರಗಳೂ ಆಕೆಯವೆಂದು ಅದರ ಹಿಂದೆಯೇ ತಿಳಿಯುತ್ತದೆ.

5.2 ಕೈಗೊಳ್ಳಬೇಕಾದ ಕ್ರಮ

ಪ್ರಶ್ನಾವಳಿಯಲ್ಲಿರುವ ಪ್ರತಿಯೊಂದು ಗುರುತಿನ ಪ್ರಶ್ನೆಯೂ ವಿಶ್ಲೇಷಣೆಗೆ ನಿಜವಾಗಿ ಬೇಕೇ ಎಂದು ಮೊದಲು ಪರಿಶೀಲಿಸಬೇಕು. ಊರಿನ ಅಥವಾ ತಾಂಡಾದ ಹೆಸರು ಬೇಕಿಲ್ಲದಿದ್ದರೆ ಕೇಳಬಾರದು. ವಯಸ್ಸನ್ನು 14 ಮತ್ತು ಕೆಳಗೆ, 15 ಮತ್ತು ಮೇಲೆ ಎಂದು ಎರಡು ಗುಂಪಾಗಿ ಕೇಳಬಹುದು. ಶಾಲೆಯ ಹೆಸರಿಗೆ ಬದಲಾಗಿ ಸಿಮೆಂಟ್ ಕಾರ್ಖಾನೆಗಳ ಪಟ್ಟಣ, ಬಯಲುಸೀಮೆಯ ಗ್ರಾಮ, ತಾಂಡಾ ಸಮೀಪದ ಶಾಲೆ ಎಂಬ ಮೂರು ವಿಧಗಳನ್ನು ಮಾಡಿ, ಪ್ರತಿಯೊಂದರಲ್ಲಿ 4 ಶಾಲೆಗಳಿರುವಂತೆ ಆಯ್ಕೆ ಮಾಡಬಹುದು. ಒಂದು ವಿಧದಲ್ಲಿ ಒಂದೇ ಶಾಲೆ ಇದ್ದರೆ ವಿಧದ ಹೆಸರೇ ಶಾಲೆಯ ಹೆಸರಾಗಿಬಿಡುತ್ತದೆ.

ವಿದ್ಯಾರ್ಥಿ ಸಾಧನೆ ಟ್ರ್ಯಾಕಿಂಗ್ ವ್ಯವಸ್ಥೆಯ ಸಂಖ್ಯೆಯನ್ನಾಗಲಿ, ಹಾಜರಿ ಸಂಖ್ಯೆಯನ್ನಾಗಲಿ ಸಂಕೇತವಾಗಿ ಬಳಸಬಾರದು. ಇವುಗಳನ್ನು ಸಂಕೇತವೆಂದು ಕರೆದರೂ ಶಾಲೆಯ ದಾಖಲೆಯನ್ನು ನೋಡಬಲ್ಲವರಿಗೆ ಇವು ಹೆಸರಿಗೆ ಸಮಾನ. ಒಬ್ಬರೇ ವಿದ್ಯಾರ್ಥಿಯ ಉತ್ತರಗಳನ್ನು ಎರಡು ಬಾರಿ ಪಡೆದು ಹೋಲಿಸಬೇಕಾದ ಅಧ್ಯಯನಗಳಲ್ಲಿ ಸಂಕೇತ ಅನಿವಾರ್ಯವಾಗಬಹುದು. ಆಗ ಸಂಕೇತ ಮತ್ತು ಹೆಸರಿನ ಪಟ್ಟಿ ಎಲ್ಲಿಯಾದರೂ ಇದ್ದೇ ಇರುತ್ತದೆ. ಅಂತಹ ಅಧ್ಯಯನವನ್ನು ಅನಾಮಿಕ ಎಂದು ಕರೆಯದೆ ಗೋಪ್ಯ ಎಂದು ಕರೆಯಬೇಕು. ಅದರಲ್ಲಿ ಪಟ್ಟಿ ಇರುವವರೆಗೆ ಉತ್ತರವನ್ನು ಹಿಂಪಡೆಯುವ ಹಕ್ಕನ್ನೂ ನೀಡಬೇಕು.

ತರಗತಿಯೊಳಗಿನ ವ್ಯವಸ್ಥೆಯಿಂದಲೂ ಗುರುತು ಸೋರುತ್ತದೆ. ಹಾಳೆಗಳನ್ನು ಸಾಲಾಗಿ ಸಂಗ್ರಹಿಸಿದರೆ ಅವುಗಳ ಕ್ರಮವೇ ಕುಳಿತವರ ಕ್ರಮವನ್ನು ತಿಳಿಸುತ್ತದೆ. ಆದ್ದರಿಂದ ವಿದ್ಯಾರ್ಥಿಗಳೇ ಮಡಚಿ ಮುಚ್ಚಿದ ಪೆಟ್ಟಿಗೆಗೆ ಹಾಕಬೇಕು. ಕೈಬರಹವನ್ನು ಶಿಕ್ಷಕರು ಗುರುತಿಸಬಲ್ಲರು, ಆದುದರಿಂದ ಉತ್ತರಗಳು ಗುರುತು ಹಾಕುವ ಮಾದರಿಯಲ್ಲಿಯೇ ಇರುವುದು ಲೇಸು. ಶಿಕ್ಷಕರು ಶಿಸ್ತಿಗಾಗಿ ಬಾಗಿಲ ಬಳಿ ಇರಬಹುದಾದರೂ ಬೆಂಚುಗಳ ನಡುವೆ ಓಡಾಡಬಾರದು. ಓದಲು ಕಷ್ಟಪಡುವ ವಿದ್ಯಾರ್ಥಿಗಳಿಗಾಗಿ ಪ್ರಶ್ನೆಗಳನ್ನು ಇಡೀ ತರಗತಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಒಬ್ಬೊಬ್ಬರ ಬಳಿ ಹೋಗಿ ಉತ್ತರ ಕೇಳಬಾರದು.

ವರದಿಯಲ್ಲಿ ಯಾವ ಕೋಷ್ಟಕದ ಯಾವ ಮನೆಯಲ್ಲಿಯೂ 10ಕ್ಕಿಂತ ಕಡಿಮೆ ವಿದ್ಯಾರ್ಥಿಗಳ ಸಂಖ್ಯೆಯನ್ನು ತೋರಿಸುವುದಿಲ್ಲವೆಂದು ಸಾರಾಂಶದಲ್ಲಿ ನಮೂದಿಸಬಹುದು. ಶಾಲಾವಾರು ಫಲಿತಾಂಶವನ್ನು ಶಾಲೆಗೆ ನೀಡುವುದಿಲ್ಲವೆಂಬುದನ್ನು ಪ್ರವೇಶಾನುಮತಿ ಪಡೆಯುವಾಗಲೇ ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಬೇಕು. ಆನಂತರ ಅವರು ಕೇಳಿದಾಗ ನಿರಾಕರಿಸುವುದು ಕಷ್ಟವಾಗುತ್ತದೆ.

6. ದತ್ತಾಂಶ ಸಂಗ್ರಹಣೆ ಮತ್ತು ವಿಲೇವಾರಿ

6.1 ಎರಡು ಕಟ್ಟುಗಳು

ಈ ಅಧ್ಯಯನದಲ್ಲಿ ಎರಡು ಬಗೆಯ ಕಾಗದಗಳಿವೆ. ಸಮ್ಮತಿ ಮತ್ತು ಒಪ್ಪಿಗೆ ಪತ್ರಗಳಲ್ಲಿ ಹೆಸರು, ಸಹಿ, ಹೆಬ್ಬೆರಳಿನ ಗುರುತು ಇರುತ್ತವೆ. ಪ್ರಶ್ನಾವಳಿಗಳಲ್ಲಿ ಉತ್ತರಗಳಿರುತ್ತವೆ. ಇವೆರಡನ್ನೂ ಒಂದೇ ಕಡತದಲ್ಲಿ ಹೊಲಿದು ಇಟ್ಟರೆ ಅನಾಮಿಕತೆಗಾಗಿ ಮಾಡಿದ ಎಲ್ಲ ವ್ಯವಸ್ಥೆಯೂ ವ್ಯರ್ಥವಾಗುತ್ತದೆ. ಪೋಷಕರ ಪತ್ರಗಳನ್ನು ಸಮೀಕ್ಷೆಗೆ ಮೊದಲೇ ಸಂಗ್ರಹಿಸಿರಬೇಕು. ವಿದ್ಯಾರ್ಥಿಯ ಒಪ್ಪಿಗೆ ಪತ್ರವನ್ನು ಪ್ರಶ್ನಾವಳಿ ಹಂಚುವ ಮುನ್ನವೇ ಹಿಂಪಡೆದು ಬೇರೆ ಲಕೋಟೆಯಲ್ಲಿ ಮೊಹರು ಮಾಡಬೇಕು. ಕಚೇರಿಯಲ್ಲಿ ಎರಡು ಕಟ್ಟುಗಳನ್ನು ಎರಡು ಬೀರುಗಳಲ್ಲಿ, ಇಬ್ಬರು ಬೇರೆ ಬೇರೆ ವ್ಯಕ್ತಿಗಳ ಬೀಗದ ವಶದಲ್ಲಿ ಇಡಬೇಕು.

6.2 ಗಣಕೀಕರಣ

ಕ್ಷೇತ್ರದಲ್ಲಿ ಹಾಳೆಗಳ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆಯಬಾರದು. ಆ ಚಿತ್ರಗಳು ಸಂಶೋಧಕರಿಗೆ ತಿಳಿಯದಂತೆಯೇ ವಾಟ್ಸ್ಆ್ಯಪ್ ಗುಂಪಿಗೂ ಅಂತರಜಾಲದ ಸಂಗ್ರಹಕ್ಕೂ ಹೋಗಬಹುದು. ಕಾಗದದ ಬದಲಿಗೆ ಅಂತರಜಾಲ ನಮೂನೆಯನ್ನು ಶಿಕ್ಷಕರ ಮೊಬೈಲಿನಲ್ಲಿ ತುಂಬಿಸುವ ಪ್ರಸ್ತಾವವನ್ನು ಸಮಿತಿಗಳು ಪ್ರಶ್ನಿಸುತ್ತವೆ. ನಮೂನೆಯು ಇಮೇಲ್ ವಿಳಾಸವನ್ನು ದಾಖಲಿಸುವಂತಿದ್ದರೆ ಅಥವಾ ಪ್ರತಿ ಉತ್ತರದ ಸಮಯವನ್ನು ಗುರುತಿಸುವಂತಿದ್ದರೆ, ಮೊಬೈಲ್ ಕೈಬದಲಾದ ಕ್ರಮದಿಂದ ಉತ್ತರಿಸಿದವರನ್ನು ಪತ್ತೆ ಹಚ್ಚಬಹುದು.

ಗಣಕಕ್ಕೆ ನಮೂದಿಸಿದ ಕಡತವನ್ನು ಗೂಢಲಿಪೀಕರಿಸಿ, ಗುಪ್ತಪದವನ್ನು ಇಬ್ಬರಿಗೆ ಮಾತ್ರ ತಿಳಿಸಿ, ಒಂದು ಪ್ರತಿಯನ್ನು ಸಂಸ್ಥೆಯ ಗಣಕದಲ್ಲಿಯೂ ಮತ್ತೊಂದನ್ನು ಬೀಗದೊಳಗಿನ ಸಾಧನದಲ್ಲಿಯೂ ಇಡಬಹುದು. ನಮೂದಿಸುವವರ ಸ್ವಂತ ಗಣಕದಲ್ಲಿ ಪ್ರತಿ ಉಳಿಯಬಾರದು.

6.3 ಅವಧಿ ಮತ್ತು ನಾಶ

ಎಷ್ಟು ವರ್ಷ ಎಂಬುದನ್ನು ಅಂಕಿಯಲ್ಲಿಯೇ ಬರೆಯಬೇಕು. ಅಗತ್ಯವಿರುವವರೆಗೆ ಎಂಬ ಬರವಣಿಗೆಯನ್ನು ಸಮಿತಿಯು ಒಪ್ಪುವುದಿಲ್ಲ. ಉದಾಹರಣೆಯ ಅಧ್ಯಯನದಲ್ಲಿ ಸಮ್ಮತಿ ಪತ್ರಗಳನ್ನು ಅಧ್ಯಯನ ಮುಗಿದ 3 ವರ್ಷಗಳ ನಂತರವೂ, ಪ್ರಶ್ನಾವಳಿಗಳನ್ನು ನಮೂದು ಪರಿಶೀಲನೆ ಮುಗಿದ 1 ವರ್ಷದ ನಂತರವೂ ನಾಶಪಡಿಸುವುದೆಂದು, ಗುರುತುಗಳನ್ನು ತೆಗೆದ ಗಣಕ ಕಡತವನ್ನು 5 ವರ್ಷ ಉಳಿಸುವುದೆಂದು ಬರೆಯಬಹುದು. ಸಂಸ್ಥೆಯ ನಿಯಮದಲ್ಲಿ ಬೇರೆ ಅವಧಿ ಇದ್ದರೆ ಅದನ್ನೇ ಪಾಲಿಸಬೇಕು. ಕಾಗದಗಳನ್ನು ರದ್ದಿಗೆ ಮಾರಬಾರದು. ಪೇಟೆಯ ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ಬಳಕೆಯಾಗುವ ಕಾಗದದಲ್ಲಿ ಅದೇ ಊರಿನ ಪೋಷಕರ ಸಹಿ ಕಾಣಿಸಿಕೊಳ್ಳಬಹುದು. ಚೂರು ಮಾಡಿ ನಾಶಪಡಿಸಿ, ದಿನಾಂಕ ಮತ್ತು ಇಬ್ಬರ ಸಹಿಯೊಂದಿಗೆ ದಾಖಲೆ ಇಡಬೇಕು.

7. ಸಮಿತಿಯ ಪರಿಶೀಲನೆ

2017ರ ಮಾರ್ಗಸೂಚಿಯಂತೆ ನೈತಿಕ ಸಮಿತಿಯಲ್ಲಿ 7ರಿಂದ 15 ಸದಸ್ಯರಿದ್ದು, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರುತ್ತಾರೆ. ವಿಷಯ ತಜ್ಞರಲ್ಲದ ಸಾಮಾನ್ಯ ಸದಸ್ಯರೂ ಇರುತ್ತಾರೆ. ಸಾರಾಂಶವನ್ನು ಈ ಸಾಮಾನ್ಯ ಸದಸ್ಯರಿಗೂ ಅರ್ಥವಾಗುವಂತೆ ಬರೆಯಬೇಕು.

ಸಲ್ಲಿಸುವ ಮುನ್ನ ಸಂಶೋಧಕರು ಒಂದು ಪರೀಕ್ಷೆಯನ್ನು ತಾವೇ ಮಾಡಿಕೊಳ್ಳಬಹುದು. ಭರ್ತಿ ಮಾಡಿದ ಒಂದು ಮಾದರಿ ಪ್ರಶ್ನಾವಳಿಯನ್ನು ಆ ಶಾಲೆಯ ಶಿಕ್ಷಕರೊಬ್ಬರು ನೋಡಿದರೆಂದು ಭಾವಿಸಿ, ಅವರು ವಿದ್ಯಾರ್ಥಿಯನ್ನು ಹೆಸರಿಸಬಲ್ಲರೇ ಎಂದು ಕೇಳಿಕೊಳ್ಳಬೇಕು. ಹೆಸರಿಸಬಲ್ಲರು ಎಂದಾದಲ್ಲಿ ಪ್ರಶ್ನಾವಳಿಯನ್ನು ತಿದ್ದಬೇಕು. ತಿದ್ದಿದ ಬಳಿಕ ಸಮ್ಮತಿ ಪತ್ರದಲ್ಲಿಯೂ ಸಂಗ್ರಹಣೆಯ ಕಲಂನಲ್ಲಿಯೂ ಅದಕ್ಕೆ ತಕ್ಕ ಬದಲಾವಣೆ ಮಾಡಬೇಕು. ಅನುಮೋದನೆ ದೊರೆತ ನಂತರ ಒಂದು ಪ್ರಶ್ನೆಯನ್ನು ಸೇರಿಸುವುದಾದರೂ ತಿದ್ದುಪಡಿಯನ್ನು ಸಮಿತಿಗೆ ಸಲ್ಲಿಸಿ, ಒಪ್ಪಿಗೆ ಬಂದ ಮೇಲೆಯೇ ಬಳಸತಕ್ಕದ್ದು.